ಬಿದ್ದಿದ್ದು ಹೊಲಿಗೆ ಯಂತ್ರವಲ್ಲ

ಕತ್ತರಿಯಕ್ಕ ಮೊಬೈಲ್ ಅಂಗಡಿಯವನನ್ನು ಮೊದಲು ನೋಡಿದ್ದು ಅವನು ಅವಳ ಹೊಲಿಗೆ ಅಂಗಡಿಯ ಪಕ್ಕದ ಮಳಿಗೆಯ ಶಟರ್ ಎತ್ತಲಾರದೆ ಒದ್ದಾಡುತ್ತಿದ್ದಾಗ. ಬೆನ್ನಿಗೆ ಚೀಲ, ಕಂಕುಳಲ್ಲಿ ಗಾಜಿನ ಹಲಗೆ. ಅದನ್ನು ಕೆಳಗಿಡಲು ಮನಸ್ಸಿಲ್ಲದೆ ಒಂದೇ ಕೈಯಲ್ಲಿ ಜಗ್ಗುತ್ತಿದ್ದ. ಅವಳು ಹೊಲಿಗೆ ಯಂತ್ರದ ಎಣ್ಣೆ ಡಬ್ಬಿ ತಂದು ಎರಡೂ ಬದಿಯ ಕಂಬಿಗೆ ಎಣ್ಣೆ ಬಿಟ್ಟಳು. ಶಟರ್ ಸರ್ರನೆ ಮೇಲೇರಿತು.

"ನಿಮ್ಮ ಕೈಗುಣ ಚೆನ್ನಾಗಿದೆ ಅಕ್ಕಾ. ಇನ್ಮೇಲೆ ನಿಮ್ಮ ಫೋನಿನ ಜವಾಬ್ದಾರಿ ನಂದು," ಎಂದ.

ಕೊಟ್ಟ ಮಾತನ್ನು ಉಳಿಸಿಕೊಂಡ ಕೂಡ. ರೀಚಾರ್ಜ್ ಆಗಲಿ, ಶಾಲೆಯ ಅರ್ಜಿಯಾಗಲಿ, ಇಂಗ್ಲಿಷ್ ಬಂದಲ್ಲೆಲ್ಲ ಅವಳು ಫೋನನ್ನು ಗೋಡೆಯಾಚೆ ನೀಡುತ್ತಿದ್ದಳು. ಬದಲಿಗೆ ಅವನ ಅಂಗಿಗಳ ಕಾಲರ್ ತಿರುಗಿಸಿ ಹೊಲಿದು ಕೊಡುತ್ತಿದ್ದಳು. ಕೊರಳಲ್ಲಿ ದಾರ ಕಟ್ಟಿದ ಕತ್ತರಿ ತೂಗುಬಿಟ್ಟುಕೊಂಡೇ ಓಡಾಡುವ ಅವಳಿಗೆ ಕತ್ತರಿಯಕ್ಕ ಎಂಬ ಹೆಸರು ಇಟ್ಟವನೂ ಅವನೇ.

ಶಾಲೆಯೊಂದರ ಸಮವಸ್ತ್ರದ ಕೆಲಸ ಒಪ್ಪಿಕೊಂಡ ಹೊತ್ತಿನಲ್ಲೇ ಅವಳ ಹೊಸ ವಿದ್ಯುತ್ ಹೊಲಿಗೆ ಯಂತ್ರ ಕೈಕೊಟ್ಟಿತು. ಸ್ವಲ್ಪ ಹೊತ್ತು ಹೊಲಿದ ಮೇಲೆ ಸೂಜಿ ಬಟ್ಟೆಯೊಳಗೇ ನಿಂತು, ಕೆಂಪು ದೀಪ ಮಿನುಗುತ್ತಿತ್ತು. ಆರಿಸಿ ತಣ್ಣಗಾಗಲು ಬಿಟ್ಟರೆ ಮತ್ತೆ ಓಡುತ್ತಿತ್ತು. ವಾರಂಟಿ ಇನ್ನೂ ಇತ್ತು. ಆದರೆ ಕಂಪನಿಯವರನ್ನು ಹಿಡಿಯಬೇಕೆಂದರೆ ಆ್ಯಪ್‌ನ ಚಾಟ್‌ಬಾಟ್‌ಗೆ ಇಂಗ್ಲಿಷಿನಲ್ಲಿ ಬರೆಯಬೇಕು. ಶಾಲೆ ತೆರೆಯುವುದರೊಳಗೆ ಬಟ್ಟೆ ಕೊಡದಿದ್ದರೆ ಮುಂದಿನ ವರ್ಷದ ಕೆಲಸ ಬೇರೆಯವರ ಪಾಲು.

"ಕೊಡಿ ಅಕ್ಕಾ, ಮನುಷ್ಯರನ್ನ ನಾನು ಹಿಡೀತೀನಿ," ಎಂದ ಅವನು. ಸಂಜೆಗೆ, "ಹಿಡಿದೆ. ಬರ್ತಾರೆ," ಎಂದ. ಎಷ್ಟು ಸಲ ಕೇಳಿದರೂ ಅದೇ ಉತ್ತರ.

ಬಂದ ರಿಪೇರಿಯವನು ಚೀಲವನ್ನೇ ತೆರೆಯಲಿಲ್ಲ. "ಬಿದ್ದು ಕೆಟ್ಟಿದ್ದಕ್ಕೆ ವಾರಂಟಿ ಬರಲ್ಲಮ್ಮ. ಖರ್ಚು ನಿಮ್ದೇ."

"ಯಾರು ಬೀಳಿಸಿದ್ರು?"

"ನೀವೇ ಬರೆದಿದ್ದೀರಲ್ಲ. ಖರ್ಚು ಕೊಡ್ತೀವಿ ಅಂತಲೂ ಒಪ್ಪಿದ್ದೀರಿ." ಅವಳ ಫೋನಿನಲ್ಲೇ ಹಳೆಯ ಚಾಟ್ ತೆರೆಸಿ ತೋರಿಸಿದ.

ಅವಳು ಗೋಡೆಯಾಚೆ ಹೋದಳು. "ತಮ್ಮಾ, ಇದೇನು?"

ಅವನು ಪರದೆಯಿಂದ ಕಣ್ಣೆತ್ತಲಿಲ್ಲ. "ಬೇರೆ ಏನು ಒತ್ತಿದ್ರೂ ಅದು ಸೂಜಿ ಬದಲಿಸಿ, ದಾರ ಮತ್ತೆ ಪೋಣಿಸಿ ಅಂತ ತಿರುಗಿಸ್ತಾ ಇತ್ತು. 'ಬಿದ್ದಿದೆ' ಅಂತ ಒತ್ತಿದ್ರೆ ತಕ್ಷಣ ಮನುಷ್ಯರು ಬರ್ತಾರೆ. ಎಲ್ಲರಿಗೂ ಹಾಗೇ ಮಾಡಿಕೊಡ್ತೀನಿ."

"ಖರ್ಚು ಒಪ್ಪಿದ್ದು?"

"ಇಲ್ಲ ಅಂದಿದ್ರೆ ದೂರು ಮುಚ್ಚಿಬಿಡ್ತಿದ್ರು. ಯಾರಾದ್ರೂ ಬರಲಿ, ಆಮೇಲೆ ಮಾತಾಡೋಣ ಅಂದ್ಕೊಂಡೆ."

"ನನಗೆ ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀವು ಬೇಡ ಅಂತಿದ್ರಿ."

ಆ ಸುಳ್ಳನ್ನು ಅವನು ತನ್ನ ಹೆಸರಿನಲ್ಲಿ ಹೇಳಿರಲಿಲ್ಲ. ಅವಳ ಫೋನಿನಲ್ಲಿ, ಅವಳ ಹೆಸರಿನಲ್ಲಿ ಹೇಳಿದ್ದ. ತಾನು ನಂಬಿ ನೀಡಿದ ಫೋನೇ ಅವನಿಗೆ ಸಾಕಾಗಿತ್ತು.

ಅಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಅನುವಾದದ ಆ್ಯಪ್ ಹಾಕಿಕೊಂಡು ಕುಳಿತಳು. "ಮಷಿನ್ ಸುಸ್ತಾಗಿ ಕೈಕೊಡುತ್ತೆ" ಎಂದು ಬರೆದು, ಬಂದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದರೆ, ದಣಿದ ಯಂತ್ರ ಅವಳಿಗೆ ಕೈ ಚಾಚುತ್ತಿತ್ತು. ಎಲ್ಲ ಅಳಿಸಿದಳು. ಕಣ್ಣಿಗೆ ಕಂಡಿದ್ದನ್ನಷ್ಟೇ ಒಂದೊಂದೇ ಚಿಕ್ಕ ವಾಕ್ಯದಲ್ಲಿ ಬರೆದಳು. ಮೊದಲು ಚೆನ್ನಾಗಿ ಹೊಲಿಯುತ್ತದೆ. ಬಿಸಿಯಾದ ಮೇಲೆ ನಿಲ್ಲುತ್ತದೆ. ಕೆಂಪು ದೀಪ ಮಿನುಗುತ್ತದೆ. ತಣ್ಣಗಾದರೆ ಓಡುತ್ತದೆ. ತೆಳು ಬಟ್ಟೆಯಲ್ಲೂ ದಪ್ಪ ಬಟ್ಟೆಯಲ್ಲೂ ಹಾಗೇ.

ಬಾಟ್ ಸೂಜಿ ಬದಲಿಸಿ ಎಂದಿತು. ಬದಲಿಸಿದೆ, ಸರಿಯಾಗಲಿಲ್ಲ ಎಂದಳು. ದಾರ ಮತ್ತೆ ಪೋಣಿಸಿ ಎಂದಿತು. ಪೋಣಿಸಿದೆ, ಸರಿಯಾಗಲಿಲ್ಲ. ನಯವಾಗಿ ಮೊದಲಿಗೇ ತಿರುಗಿಸಿತು. ಅವಳೂ ಹಠ ಬಿಡದೆ, ನನಗೆ ಮನುಷ್ಯರ ಜೊತೆ ಮಾತಾಡಬೇಕು ಎಂದಷ್ಟೇ ಮತ್ತೆ ಮತ್ತೆ ಕಳಿಸಿದಳು. ಕೊನೆಗೆ ಸಾಲಿನಲ್ಲಿ ಕಾಯಿರಿ ಎಂದಿತು. ಕಾದಳು.

ಚಾಟ್‌ಗೆ ಬಂದ ಮನುಷ್ಯ ಮೊದಲು ಕೇಳಿದ್ದು: ಹಿಂದಿನ ದೂರಿನಲ್ಲಿ ಬಿದ್ದಿದೆ ಅಂತಿದೆಯಲ್ಲ?

ಬೆರಳು ತಡವರಿಸಿತು. 'ತಪ್ಪಾಗಿ ಒತ್ತಿದೆ' ಎಂದರೆ ಪಕ್ಕದವನ ಮಾನ ಉಳಿಯುತ್ತಿತ್ತು. ಅವಳು ಬರೆದಳು: ಅದನ್ನು ಬರೆದವನು ನನ್ನ ಪಕ್ಕದ ಅಂಗಡಿಯವನು. ನನ್ನನ್ನು ಕೇಳಲಿಲ್ಲ. ಯಂತ್ರ ಬಿದ್ದಿಲ್ಲ.

ಆತ ಎಲ್ಲ ಬದಿಯ ಫೋಟೊ, ನಿಲ್ಲುವಾಗಿನ ವಿಡಿಯೊ ಮತ್ತು ಅಡಿಯಲ್ಲಿರುವ ಕ್ರಮಸಂಖ್ಯೆ ಕೇಳಿದ. ಒಂದು ಗೀರೂ ಇಲ್ಲದ ಯಂತ್ರದ ಮೈಯನ್ನು ಅವಳು ಬೆಳಕಿಗೆ ಹಿಡಿದು ತೋರಿಸಿದಳು. ಮೇಲಿನವರನ್ನು ಕೇಳಿ ಬಂದ ಆತ ದೂರನ್ನು ತಿದ್ದಿದ. ಅದೇ ರಿಪೇರಿಯವನು ಮತ್ತೆ ಬಂದು, ಬಿಸಿಯಾಗುತ್ತಿದ್ದ ಮೋಟರ್ ಬದಲಿಸಿದ, ಖರ್ಚು ಕೇಳಲಿಲ್ಲ. ಸಮವಸ್ತ್ರ ಹೊತ್ತಿಗೆ ತಲುಪಿತು.

"ನಾನು ಕರೆಸದೇ ಇದ್ದಿದ್ರೆ ಅವರು ನಿಮ್ಮ ಅಂಗಡಿ ಗುರುತೇ ಹಿಡೀತಿರಲಿಲ್ಲ ಅಕ್ಕಾ," ಎಂದು ನಗುತ್ತ ಬಂದ ಮೊಬೈಲ್ ಅಂಗಡಿಯವನು, ಕೈಯಲ್ಲಿ ಕಾಲರ್ ಸವೆದ ಅಂಗಿ ಹಿಡಿದುಕೊಂಡು.

"ಅಲ್ಲಿಡಿ," ಎಂದಳು. ಅವನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನ ನಗು ಅಲ್ಲೇ ನಿಂತಿತು.

ಕತ್ತರಿಯಕ್ಕ ಈಗಲೂ ಅದೇ ಮಳಿಗೆಯಲ್ಲಿ ಸಮವಸ್ತ್ರ ಹೊಲಿಯುತ್ತಾಳೆ. ಅವನ ಅಂಗಿಯನ್ನೂ ಹೊಲಿಯುತ್ತಾಳೆ, ಎಲ್ಲರ ಹಾಗೆ ಹಣ ತೆಗೆದುಕೊಂಡು. ಇಂಗ್ಲಿಷಿನಲ್ಲಿ ಬರೆಯಬೇಕಾದದ್ದನ್ನು ಅವಳೇ ಬರೆಯುತ್ತಾಳೆ.