ಕೆರೆಯೊಳಗೆ ಬಿದ್ದ ಮಾವಿನ ತೋಪು

ನಮ್ಮ ಯೋಜನೆಗೆ ಗುತ್ತಿಗೆಯಲ್ಲಿ ಬಂದಿದ್ದ ಆ ಮನುಷ್ಯ ನನಗೆ ಮೊದಲಿನಿಂದಲೂ ಸೇರುತ್ತಿರಲಿಲ್ಲ. ಉಪಗ್ರಹ ಚಿತ್ರದಿಂದ ಮಾವಿನ ತೋಪುಗಳ ಹಸಿರು ಅಳೆಯುವ ಯೋಜನೆ ಅದು. ಕೋಲಾರದ ಕಚೇರಿಯಲ್ಲಿ ನಾನು ಫ್ಯಾನಿನ ಕೆಳಗೆ, ಅವರು ಬಿಸಿಲಲ್ಲಿ. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಕಡೆಯ ತೋಪುಗಳಿಗೆ ಹೋಗಿ, ಮರಗಳ ನೆರಳು ಎಷ್ಟು ನೆಲ ಮುಚ್ಚಿದೆ ಎಂದು ಅಳೆದು, ಜಾಗದ ಜಿಪಿಎಸ್ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಿದ್ದರು. ನಾನು ಅದನ್ನು ಟೈಪ್ ಮಾಡಿ, ಪ್ರತಿ ಬಿಂದು ಚಿತ್ರದ ಯಾವ ಚೌಕದಲ್ಲಿ ಬೀಳುತ್ತದೋ ಆ ಚೌಕದ ಹಸಿರಿನ ಬೆಲೆಯನ್ನು, ಅಂದರೆ ಅಲ್ಲಿ ಎಷ್ಟು ಹಸಿರಿದೆ ಎನ್ನುವ ಅಂಕಿಯನ್ನು, ಪಟ್ಟಿಗೆ ಎಳೆದುಕೊಳ್ಳಬೇಕು. ಆಮೇಲೆ ನೆರಳಿಗೂ ಹಸಿರಿಗೂ ರಿಗ್ರೆಶನ್, ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚುತ್ತದೆಯೇ ಎಂಬ ಲೆಕ್ಕ.

ಸಂಬಂಧ ಸೊನ್ನೆಯ ಹತ್ತಿರ ಬಂತು. ದಟ್ಟ ತೋಪು ಎಂದು ಬರೆದ ಕಡೆ ಬೋಳು ನೆಲದ ಬೆಲೆ. ನಾಲ್ಕು ಕಡೆ ಸೊನ್ನೆಗಿಂತಲೂ ಕಡಿಮೆ, ಅಂದರೆ ನೀರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನೇರ ಮುಖ್ಯಸ್ಥರ ಬಳಿ ಹೋಗಿ, ಇವರು ತೋಪಿಗೆ ಹೋಗದೆ ಎಲ್ಲೋ ಹೋಟೆಲಿನಲ್ಲಿ ಕೂತು ಅಂಕಿ ಬರೆದಿದ್ದಾರೆ ಎಂದೆ. ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯುತ್ತಿತ್ತು. ಮುಂದುವರಿಸುವುದಿಲ್ಲ ಎಂದು ಮುಖ್ಯಸ್ಥರು ಅವರನ್ನು ಕರೆದು ಹೇಳಿಬಿಟ್ಟರು.

ಅವರು ನೋಟ್‌ಬುಕ್ ಹಿಡಿದು ನನ್ನ ಮೇಜಿಗೇ ಬಂದರು.

"ನನ್ನ ತೋಪು ಎಲ್ಲೈತೆ ತೋರ್ಸಿ ಮೇಡಂ."

ಅಲ್ಲಿಯವರೆಗೆ ನಾನು ಪಟ್ಟಿ ಬಿಟ್ಟು ನಕ್ಷೆ ನೋಡಿರಲೇ ಇಲ್ಲ. ಬಿಂದುಗಳನ್ನು ತಾಲ್ಲೂಕು ನಕ್ಷೆಯ ಮೇಲೆ ಹಾಕಿದೆ. ಶ್ರೀನಿವಾಸಪುರದ ತೋಪುಗಳೆಲ್ಲ ದಕ್ಷಿಣಕ್ಕೆ ಜಾರಿ ಕೋಲಾರ ತಾಲ್ಲೂಕಿನ ಕೆರೆ, ಬಂಡೆಗಳ ಮೇಲೆ ಕೂತಿದ್ದವು.

"ನಾನು ಹದಿಮೂರು ಡಿಗ್ರಿ ಇಪ್ಪತ್ತು ನಿಮಿಷ ಅಂತ ಬರ್ದಿದ್ದೀನಿ. ನೀವೇನು ಹೊಡ್ದಿದ್ದೀರಿ?"

ಹದಿಮೂರು ಪಾಯಿಂಟ್ ಎರಡು ಸೊನ್ನೆ. ಇಪ್ಪತ್ತು ನಿಮಿಷವೆಂದರೆ ಅರವತ್ತರಲ್ಲಿ ಇಪ್ಪತ್ತು, ಪಾಯಿಂಟ್ ಮೂರು ಮೂರು. ಭಾಗಿಸದೆ ನಿಮಿಷವನ್ನೇ ದಶಾಂಶವೆಂದು ಹೊಡೆದಿದ್ದೆ, ಒಂದೊಂದು ಬಿಂದುವಿಗೂ.

"ಗಡಿಯಾರ ಕಟ್ಕೊಂಡಿದ್ದೀರಲ್ಲ," ಎಂದರು ಅವರು.

ಅವರೆದುರೇ ಎಲ್ಲ ಅಂಕಿಗಳನ್ನೂ ಅರವತ್ತರಿಂದ ಭಾಗಿಸಿ, ಬೆಲೆಗಳನ್ನು ಮತ್ತೆ ಎಳೆದೆ. ನೀರಿನ ಬೆಲೆಗಳು ಮಾಯವಾದವು. ನೆರಳು ಹೆಚ್ಚಿದ್ದ ಕಡೆ ಹಸಿರೂ ಹೆಚ್ಚಿತ್ತು, ಬಿಂದುಗಳು ಗೆರೆಯ ಸುತ್ತ ಸೇರಿಕೊಂಡವು. ಅವರು ಕೂರಲೂ ಇಲ್ಲ.

ಹೊಸ ಪಟ್ಟಿ ಹಿಡಿದು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು. ಮುಖ್ಯಸ್ಥರು ಪಟ್ಟಿ ನೋಡಿ ನಕ್ಕರು.

"ನೋಡಿದ್ರಾ? ಕೆಲಸ ಹೋಗುತ್ತೆ ಅಂದ ತಕ್ಷಣ ಸರಿಯಾದ ಅಂಕಿ ತಂದ. ಇರ್ಲಿ ಬಿಡಿ, ಮುಂದುವರಿಸೋಣ."

ತಪ್ಪು ನನ್ನದು ಎನ್ನಲು ಎರಡೇ ಮಾತು ಸಾಕಿತ್ತು. ಬಾಗಿಲ ಕಡೆ ನೋಡಿದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು, "ಸರಿ ಸಾರ್," ಎಂದೆ.

ಅವರು ಒಳಗೆ ಬಂದು, ಚೀಲದಿಂದ ಜಿಪಿಎಸ್ ತೆಗೆದು ನನ್ನ ಕೈಗೆ ಕೊಟ್ಟರು.

"ನಾಳೆಯಿಂದ ನೀವೇ ಹೋಗ್ರಮ್ಮ ತೋಪಿಗೆ."