ಒಡೆಯದ ಪೆಟ್ಟಿಗೆ

ಕಚೇರಿಯಲ್ಲಿ ಎಲ್ಲರಿಗೂ ಅವಳು ಫೋನಕ್ಕ. ಗಾಲಿಕುರ್ಚಿ, ಗಾಳಿಹಾಸಿಗೆ, ಊರುಗೋಲು ಮಾರುವ ಆನ್‌ಲೈನ್ ಅಂಗಡಿ ಅದು. ಗಿರಾಕಿಗಳ ಬೈಗುಳವೆಲ್ಲ ಮೊದಲು ಬಂದು ಬೀಳುತ್ತಿದ್ದುದು ಅವಳ ಕಿವಿಗೆ. ಅರ್ಧ ಬೈಗುಳಕ್ಕೆ ಕಾರಣ ವಾಪಸಾತಿ ನಿಯಮದ ಪುಟ. ‘ಮೂಲಸ್ಥಿತಿಯಲ್ಲಿರುವ ಸರಕನ್ನು ಸಮಂಜಸ ಕಾಲಾವಧಿಯೊಳಗೆ, ಸಂಸ್ಥೆಯ ವಿವೇಚನೆಗೊಳಪಟ್ಟು’ ಎಂದು ಯಾರೋ ವಕೀಲರು ಬರೆದುಕೊಟ್ಟಿದ್ದರು. ಅದರ ತಲೆಬುಡ ಬರೆದವರಿಗಾದರೂ ತಿಳಿದಿತ್ತೋ ಇಲ್ಲವೋ!

ಗಿರಾಕಿಗಳಲ್ಲೊಬ್ಬರಾದ ಬಡಗಿ ಅಜ್ಜ ಆ ಪುಟವನ್ನು ನಂಬಿ ಕೂತಿದ್ದರು. ಆಸ್ಪತ್ರೆಯಲ್ಲಿದ್ದ ಹೆಂಡತಿಗೆಂದು ಗಾಲಿಕುರ್ಚಿ ತರಿಸಿ, ಅವಳೇ ಬಂದು ಬಿಚ್ಚಲಿ ಎಂದು ಪೆಟ್ಟಿಗೆ ಒಡೆಯದೆ ಇಟ್ಟಿದ್ದರು. ಅವಳು ಮನೆಗೆ ಬರಲೇ ಇಲ್ಲ. ಅಜ್ಜ ಫೋನಕ್ಕನಿಗೆ ಫೋನ್ ಮಾಡಿದರು.

“ಸೀಲು ಹಾಗೇ ಇದೆಯಮ್ಮ, ಮೂಲಸ್ಥಿತಿ ಅಂದ್ರೆ ಅದೇ ಅಲ್ವಾ? ಮಗಳು ಕೂಡಿಟ್ಟ ದುಡ್ಡು ಅದು. ಅವಳ ಕೈಗೆ ವಾಪಸ್ ಇಡ್ಬೇಕು.”

ಹತ್ತು ದಿನದ ಗಡುವು ದಾಟಿತ್ತು. ಆ ಹತ್ತು ದಿನ ಎಂಬುದು ಕಚೇರಿಯವರ ಬಾಯಲ್ಲಿತ್ತೇ ಹೊರತು ಪುಟದಲ್ಲಿರಲಿಲ್ಲ. ಫೋನಕ್ಕ ಯಜಮಾನರ ಜೀವ ತಿಂದಳು. ಅವರು ಪುಟ ತಿದ್ದಲು ಒಪ್ಪಿದರು, ಅಜ್ಜನ ಕುರ್ಚಿಗೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

“ಒಬ್ರಿಗೆ ಬಿಟ್ರೆ ಹಳೇದೆಲ್ಲ ಎದ್ದು ಬರುತ್ತೆ ಕಣಮ್ಮ. ಹೊಸ ನಿಯಮ ಏನಿದ್ರೂ ಇವತ್ತಿಂದ ಕೊಳ್ಳೋರಿಗೆ.”

ಅವಳು ಹೊಸ ನಿಯಮ ಬರೆದಳು. ಬರೆದದ್ದನ್ನು ಯಾರಾದರೂ ಗಿರಾಕಿಗೆ ಓದಿ ಹೇಳಿ, ಏನು ಅರ್ಥವಾಯಿತೆಂದು ಕೇಳುವುದು ಅವಳ ಪದ್ಧತಿ. ಅಜ್ಜನಿಗಿಂತ ಒಳ್ಳೆಯ ಪರೀಕ್ಷಕರು ಇನ್ಯಾರು ಎಂದುಕೊಂಡು ಅವರಿಗೇ ಫೋನ್ ಮಾಡಿದಳು. ಮುಂದೇನಾಗುತ್ತದೆ ಎಂಬುದು ಆ ಪೆದ್ದಿಗೆ ಹೊಳೆಯಲಿಲ್ಲ.

“ಸಾಮಾನು ನಿಮ್ಮ ಕೈಸೇರಿದ ದಿನದಿಂದ ಹತ್ತು ದಿನದೊಳಗೆ ನಮಗೆ ತಿಳಿಸಿ. ಪೆಟ್ಟಿಗೆ ಒಡೆಯದಿದ್ದರೂ ಲೆಕ್ಕ ಅಂದಿನಿಂದಲೇ. ಮೊದಲು ಫೋನ್ ಮಾಡಿ ವಾಪಸಾತಿ ಸಂಖ್ಯೆ ಪಡೆಯಿರಿ, ಅದನ್ನು ಪೆಟ್ಟಿಗೆಯ ಮೇಲೆ ಬರೆಯಿರಿ, ನಮ್ಮ ಗಾಡಿ ಬಂದು ಒಯ್ಯುತ್ತದೆ. ಗೋದಾಮಿನಲ್ಲಿ ನೋಡಿದ ಮೇಲೆ, ನೀವು ಹಣ ಕಟ್ಟಿದ ಖಾತೆಗೇ ಒಂದು ವಾರದಲ್ಲಿ ಹಣ ಬರುತ್ತದೆ. ಬಳಸಿದ ಹಾಸಿಗೆಯನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಮುರಿದದ್ದು ಬಂದಿದ್ದರೆ, ಪೆಟ್ಟಿಗೆ ಒಡೆದಿದ್ದರೂ ತೆಗೆದುಕೊಳ್ಳುತ್ತೇವೆ.”

ಓದಿ ಮುಗಿಸಿ, ಪದ್ಧತಿಯಂತೆ ಕೇಳಿದಳು.

“ಏನು ಅರ್ಥ ಆಯ್ತು, ಅಜ್ಜ?”

“ಎಲ್ಲಾ ಅರ್ಥ ಆಯ್ತಮ್ಮ. ನನ್ನದು ತಗೊಳ್ಳಲ್ಲ ಅಂತ ಅರ್ಥ ಆಯ್ತು. ಮೊದಲಿನದು ಓದಿದಾಗ, ತಗೊಂಡರೂ ತಗೋಬಹುದೇನೋ ಅನ್ನಿಸ್ತಿತ್ತು.”

ಫೋನಕ್ಕನಿಗೆ ಈಗ ಹೊಳೆಯಿತು. ಇಷ್ಟು ದಿನ ಅವರು ಹಳೆಯ ಪುಟದ ಆ ಮಂಜುಮಾತಿನೊಳಗೇ ಆಸೆ ಇಟ್ಟುಕೊಂಡಿದ್ದರು, ತನ್ನ ಅಚ್ಚುಕಟ್ಟಾದ ವಾಕ್ಯಗಳು ಅದನ್ನೂ ಕಿತ್ತುಕೊಂಡವು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

“ಇನ್ನೊಂದು ಸಾಲಿದೆ ಅಜ್ಜ,” ಎಂದು ಕಷ್ಟಪಟ್ಟು ಓದಿದಳು. “ಯಾರಿಗಾಗಿ ಕೊಂಡಿರೋ ಅವರು ತೀರಿಕೊಂಡಿದ್ದರೆ, ಗಡುವು ದಾಟಿದ್ದರೂ ಫೋನ್ ಮಾಡಿ. ಒಡೆಯದ ಪೆಟ್ಟಿಗೆಯನ್ನು ತೆಗೆದುಕೊಳ್ಳುತ್ತೇವೆ.” ಯಜಮಾನರೊಡನೆ ಜಗಳವಾಡಿ ಉಳಿಸಿಕೊಂಡ ಸಾಲು ಅದು. “ಇದು ಮುಂದೆ ಕೊಳ್ಳೋರಿಗೆ ಮಾತ್ರ. ನಿಮಗೆ ಸಿಗಲಿಲ್ಲ, ಅಜ್ಜ.”

ಅಜ್ಜ ಆ ಸಾಲಿನ ಬಗ್ಗೆಯೇ ಕೇಳಿದರು.

“ಅದು ಎಲ್ಲಿದೆ, ಕೊನೇಲಾ?”

“ಹೌದು.”

“ಮೇಲೆ ಹಾಕಮ್ಮ. ಅಂಥೋರಿಗೆ ಕೊನೇವರೆಗೂ ಓದೋಕಾಗಲ್ಲ.”