ಸಹಿಗಾಗಿ ಎರಡು ಸಲ ದಾಟಿದ ಹೊಳೆ

ಆಗ ಕುಂದಾಪುರದಲ್ಲಿ ಮೇಷ್ಟ್ರಾಗಿದ್ದೆ. ಎಂ.ಎ. ಪ್ರಬಂಧ ಒಪ್ಪಿಸಲು ಎರಡೇ ದಿನ ಉಳಿದಿತ್ತು. ಮಾರ್ಗದರ್ಶಕರು ಕಾಯಿಲೆಯಿಂದ ರಜೆ ಹಾಕಿ ಹೊಳೆಯಾಚೆ ಗುಲ್ವಾಡಿಯ ಮನೆಯಲ್ಲಿದ್ದರು. ಅವರ ಸಹಿ ಇಲ್ಲದೆ ಪ್ರಬಂಧವನ್ನು ಯಾರೂ ಮುಟ್ಟುವಂತಿರಲಿಲ್ಲ.

ಬೆಳಿಗ್ಗೆ ಒಮ್ಮೆ ಹೊಳೆ ದಾಟಿ ಹೋದೆ. ಅವರು ಮೊದಲ ಹಾಳೆ ನೋಡಿಯೇ ಕನ್ನಡಕ ತೆಗೆದರು. ಟೈಪಿಸ್ಟ್ ಕೃತಜ್ಞತೆಯನ್ನು ಮೊದಲು ಹಾಕಿ, ಕಾಗದ ಉಳಿಸಲು ಅದರ ಕೆಳಗೇ ನನ್ನ ಘೋಷಣೆಯನ್ನೂ ಅವರ ಪ್ರಮಾಣಪತ್ರವನ್ನೂ ಹೊಡೆದುಬಿಟ್ಟಿದ್ದ.

"ಸುರೂಗೆ ಇದ್ ನಿಂದೇ ಕೆಲ್ಸ ಅಂತ ನೀನ್ ಹೇಳ್ಕ್. ಆಮೇಲ್ ನಾನ್ ಹೌದ್ ಅಂಬುದ್. ಕೈ ಮುಗಿಯುದ್ ಅದ್ರ ಮೇಲೆ, ಸಾರಾಂಶ ಅದ್ರ ನಂತ್ರ. ಒಂದೊಂದ್ ಬೇರೆ ಹಾಳೆ. ಹೋಗ್, ಮಾಡ್ಸ್ಕಂಡ್ ಬಾ," ಎಂದರು ಮಾರ್ಗದರ್ಶಕರು.

ಪೇಟೆಗೆ ಮರಳಿ ಟೈಪಿಸ್ಟ್‌ನನ್ನು ಬೈದೆ. ಅವನಿಗೆ ಬೇಸರವೇ ಇಲ್ಲ. "ಗುರುಗಳಿಗ್ ಕೈ ಮುಗಿಯುದ್ ಬಿಟ್ಟ್ ಸುರೂಗೇ 'ನಾನು' ಅಂದ್ರೆ ಎಂತ ಚಂದ ಮಾರಾಯ್ರೆ?" ಎನ್ನುತ್ತಲೇ ಕಾರ್ಬನ್ ಇಟ್ಟು ನಾಲ್ಕು ಹಾಳೆಗಳನ್ನೂ ಹೊಸದಾಗಿ ಹೊಡೆದುಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಘಟ್ಟದ ಮಳೆನೀರು ಇಳಿದು ಹೊಳೆ ಕೆಂಪಾಗಿತ್ತು. ದೋಣಿಯವನು ತಲೆಯಾಡಿಸಿದ. "ನೀರ್ ಜೋರಿತ್ತ್ ಮಾಷ್ಟ್ರೆ. ನಾಳೆ ಹೋಪ."

"ಗುರುಗಳ್ ಸೈನ್ ಇವತ್ತೇ ಆಯ್ಕ್. ನಾಳೆ ಸಂಜೆಯೊಳ್ಗ್ ಒಪ್ಪಿಸ್ದಿರೆ ನನ್ ವರ್ಷವೇ ಹೋಯ್ತ್."

"ಒಂದ್ ಸೈನಿಗಾ?" ನಗುತ್ತಲೇ ದೋಣಿ ತಳ್ಳುವ ಜಲ್ಲೆ ಎತ್ತಿಕೊಂಡ.

ಆಚೆ ದಡ ಹತ್ತಿರವಿತ್ತು. ತೇಲಿಬಂದ ಮರವೊಂದು ಹೊಡೆದು ದೋಣಿ ಮಗುಚಿತು. ಅವನು ನನ್ನನ್ನು ರಟ್ಟೆ ಹಿಡಿದು ಎಳೆದು ದಡದ ಮರದ ಬೇರಿನ ಮೇಲೆ ಹಾಕಿದ. ಪ್ರಬಂಧದ ಕಟ್ಟು ಮೇಣಬಟ್ಟೆಯಲ್ಲಿ ಸುತ್ತಿದ್ದರಿಂದ ತೇಲುತ್ತ ಹೋಗುತ್ತಿತ್ತು. ನಾನು ಕೂಗಿದೆ: "ಹ್ವಾಯ್, ಅದ್ ಹಿಡಿ! ಅದ್ ಹಿಡಿ!"

ಅವನು ಮತ್ತೆ ನೀರಿಗೆ ಧುಮುಕಿದ. ಆಮೇಲೆ ನೀರು ಮಾತ್ರ ಕಂಡಿತು, ತಲೆ ಕಾಣಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಆ ಖಾಲಿ ನೀರು ಈಗಲೂ ಊಟದ ನಡುವೆ, ಪಾಠದ ನಡುವೆ ಕಣ್ಣಿಗೆ ಬರುತ್ತದೆ. ಆ ನೋಟದಲ್ಲಿ ಒಮ್ಮೆಯೂ ಅವನು ಮೇಲೇಳುವುದಿಲ್ಲ.

ಆ ದಿನ ಎದ್ದ. ಬಹಳ ಕೆಳಗೆ, ಬಿದಿರಿನ ಮೆಳೆ ಹಿಡಿದು, ಕೆಮ್ಮುತ್ತ, ಕಂಕುಳಲ್ಲಿ ಕಟ್ಟು. "ತಕಣಿ ನಿಮ್ ವರ್ಷ," ಎಂದ.

ಮಾರ್ಗದರ್ಶಕರ ಚಾವಡಿಯಲ್ಲಿ ಹಾಳೆಗಳ ಅಂಚಷ್ಟೇ ಒದ್ದೆಯಾಗಿತ್ತು. ದೋಣಿಯವನು ಮೆಟ್ಟಿಲ ಮೇಲೆ ನಡುಗುತ್ತ ಕುಳಿತಿದ್ದ. "ಮೊದ್ಲ್ ನೀನ್ ಹಾಕ್," ಎಂದು ಅವರು ಪೆನ್ನು ಕೊಟ್ಟರು. ಇದು ಸಂಪೂರ್ಣ ನನ್ನ ಸ್ವಂತ ಪರಿಶ್ರಮ ಎಂಬ ಸಾಲನ್ನು ಓದಿ ಮೆಟ್ಟಿಲ ಕಡೆ ನೋಡಿದೆ. ಸಹಿ ಹಾಕಿದೆ. ಅವರು ಪ್ರಮಾಣಪತ್ರಕ್ಕೆ ಹಾಕಿದರು. ಪ್ರಬಂಧ ಸಮಯಕ್ಕೆ ಸೇರಿತು, ಪದವಿಯೂ ಬಂತು.

ಕೃತಜ್ಞತೆಯ ಪುಟಕ್ಕೆ ಯಾರ ಸಹಿಯೂ ಬೇಕಿರಲಿಲ್ಲ. ಅಲ್ಲಿ ಒಂದು ಸಾಲು ಸೇರಿಸಲು ಮರುದಿನ ಇಡೀ ಬೆಳಗು ಸಮಯವಿತ್ತು. ಸೇರಿಸಲಿಲ್ಲ. ದೋಣಿಯವನು ಏನು ಮಾಡಿದ ಎಂದು ಬರೆದರೆ, ನಾನು ಏನು ಕೂಗಿದೆ ಎಂಬುದನ್ನೂ ಬರೆಯಬೇಕಿತ್ತು.